ಪ್ರೆಸ್ ನೋಟ್‌ನಲ್ಲಿ "ಶೇ 40 ಇಳಿಕೆ" ಅಂತಿದೆ. ನೂರು ಪದದ ಸುದ್ದಿ ಮಾಡೋದು ಹೇಗೆ?

ಹೊಸ ಇಂಟರ್ನ್

ಎಲ್ಲರಿಗೂ ನಮಸ್ಕಾರ. ಒಂದು ಪತ್ರಿಕೆಯಲ್ಲಿ ಇಂಟರ್ನ್ ಆಗಿ ಸೇರಿ ಮೂರು ವಾರ ಆಯ್ತು. ನಿನ್ನೆ ನನ್ನ ಕೈಗೆ ಒಂದು ಪ್ರೆಸ್ ನೋಟ್ ಕೊಟ್ಟು, ನೂರು ಪದದೊಳಗೆ ಸಿಂಗಲ್ ಕಾಲಂ ಸುದ್ದಿ ಮಾಡಿ ಅಂದರು. ವೇಗ ಪತ್ತೆ ಕ್ಯಾಮೆರಾ ಪೂರೈಸುವ ಕಂಪನಿ ಕಳಿಸಿದ ನೋಟ್ ಅದು. ಊರು, ಹೆಸರು ಹೇಳುವುದಿಲ್ಲ. ಅಂಕಿಗಳನ್ನೂ ಬದಲಿಸಿದ್ದೇನೆ, ಆದರೆ ಸಮಸ್ಯೆ ಅದೇ.

ನಾನು ಬರೆದದ್ದು ಇದು:

> ಅಪಘಾತ ಶೇ 40ಕ್ಕೆ ಇಳಿಸಿದ ಕ್ಯಾಮೆರಾ
> ನಗರದ 12 ಕೂಡುರಸ್ತೆಗಳಲ್ಲಿ ಅತ್ಯಾಧುನಿಕ ವೇಗ ಪತ್ತೆ ಕ್ಯಾಮೆರಾ ಅಳವಡಿಸಿದ ಪರಿಣಾಮ ಆರು ತಿಂಗಳಲ್ಲಿ ಅಪಘಾತಗಳ ಸಂಖ್ಯೆ ಶೇ 40ಕ್ಕೆ ಇಳಿದಿದೆ. ಇಂತಹ ವ್ಯವಸ್ಥೆ ದೇಶದಲ್ಲೇ ಮೊದಲು. "ಜನರ ಜೀವ ಉಳಿಸುವುದೇ ನಮ್ಮ ಗುರಿ" ಎಂದು ಕಂಪನಿಯ ನಿರ್ದೇಶಕರು ಹರ್ಷ ವ್ಯಕ್ತಪಡಿಸಿದ್ದಾರೆ.

ಡೆಸ್ಕ್‌ನಲ್ಲಿ ಓದಿ, "ಇದರಲ್ಲಿ ನೀವು ಚೆಕ್ ಮಾಡಿದ್ದು ಏನು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನೋಟ್‌ನಲ್ಲಿ ಇದ್ದದ್ದನ್ನೇ ಚಿಕ್ಕದು ಮಾಡಿದ್ದೆ ಅಷ್ಟೆ. ಇವತ್ತು ಸಂಜೆಯವರೆಗೆ ಸಮಯ ಕೊಟ್ಟಿದ್ದಾರೆ. ಎಲ್ಲಿಂದ ಶುರು ಮಾಡಲಿ?

ರಾತ್ರಿಪಾಳಿ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. "ಎಂದು ಕಂಪನಿ ಪತ್ರಿಕಾ ಪ್ರಕಟಣೆಯಲ್ಲಿ ತಿಳಿಸಿದೆ" ಅಂತ ಕೊನೆಗೆ ಒಂದು ಸಾಲು ಹಾಕಿ. ಆಗ ಮಾತು ಅವರದ್ದು, ಹೊಣೆಯೂ ಅವರದ್ದು. ನಾವು ಎಂಟು ವರ್ಷದಿಂದ ಹೀಗೇ ಮಾಡ್ತಿದ್ದೇವೆ.

ಡೆಸ್ಕ್ ಹಳಬ

ರಾತ್ರಿಪಾಳಿಯವರು ಹೇಳಿದ್ದರಲ್ಲಿ ಅರ್ಧ ಸರಿ. ಯಾರು ಹೇಳಿದರು ಅನ್ನೋದು ಇರಲೇಬೇಕು. ನಿಮ್ಮ ಕಾಪಿಯಲ್ಲಿ ಶೇ 40 ಅನ್ನೋದನ್ನು ಕಂಪನಿ ಹೇಳಿಲ್ಲ, ನೀವೇ ಹೇಳಿದ್ದೀರಿ. ಆದರೆ ಅವರ ಹೆಸರು ಹಾಕಿದ ಮಾತ್ರಕ್ಕೆ ತಪ್ಪು ಸರಿ ಆಗುವುದಿಲ್ಲ. ಓದುಗರು ಪತ್ರಿಕೆಯಲ್ಲಿ ಬಂತು ಅಂತ ನೆನಪಿಟ್ಟುಕೊಳ್ಳುತ್ತಾರೆ. ಕಂಪನಿ ಹೇಳಿತು ಅಂತ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಮೊದಲು ಒಂದು ಕೆಲಸ ಮಾಡಿ. ನೋಟ್ ಪ್ರಿಂಟ್ ತೆಗೆದು, ಪರಿಶೀಲಿಸಬಹುದಾದ ಒಂದೊಂದು ಮಾತಿಗೂ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. "ಅತ್ಯಾಧುನಿಕ", "ಹರ್ಷ", "ಜೀವ ಉಳಿಸುವುದೇ ಗುರಿ" ಇವಕ್ಕೆ ಗೆರೆ ಬೇಡ. ಅವನ್ನು ಪರಿಶೀಲಿಸಲು ಆಗುವುದಿಲ್ಲ, ಹಾಗಾಗಿ ನೂರು ಪದದಲ್ಲಿ ಅವಕ್ಕೆ ಜಾಗವೂ ಇಲ್ಲ. ಉಳಿಯುವುದು ನಾಲ್ಕೇ: 12 ಕಡೆ ಕ್ಯಾಮೆರಾ ಇದೆ, ಅಪಘಾತ ಶೇ 40 ಇಳಿದಿದೆ, ಅದಕ್ಕೆ ಕಾರಣ ಕ್ಯಾಮೆರಾ, ದೇಶದಲ್ಲೇ ಮೊದಲು. ಒಂದೊಂದರ ಪಕ್ಕದಲ್ಲೂ "ಇದು ಯಾರಿಗೆ ಗೊತ್ತಿರುತ್ತೆ?" ಅಂತ ಬರೆದುಕೊಳ್ಳಿ. ಕಂಪನಿ ಬಿಟ್ಟು ಬೇರೆ ಯಾರಿಗೆ ಅಂತ.

ಈಗಲೇ ಹೇಳಿಬಿಡುತ್ತೇನೆ. "ದೇಶದಲ್ಲೇ ಮೊದಲು" ಅನ್ನೋದನ್ನು ಒಂದು ಸಂಜೆಯಲ್ಲಿ ಸಾಬೀತು ಮಾಡಲು ಆಗುವುದಿಲ್ಲ. ತೆಗೆದುಬಿಡಿ. ಅದು ಹೋದರೆ ಸುದ್ದಿಗೆ ಏನೂ ನಷ್ಟ ಇಲ್ಲ.

ಇನ್ನೊಂದು ಮಾತು. ನೋಟ್‌ನಲ್ಲಿ ನಿಜವಾಗಲೂ "ಶೇ 40ಕ್ಕೆ" ಅಂತಿದೆಯಾ, ಇಲ್ಲ "ಶೇ 40ರಷ್ಟು" ಅಂತಿದೆಯಾ?

ಹೊಸ ಇಂಟರ್ನ್

ಈಗ ನೋಡಿದೆ ಸರ್. "ಶೇ 40ರಷ್ಟು" ಅಂತಿದೆ. ಎರಡೂ ಒಂದೇ ಅಲ್ವಾ?

ಡೆಸ್ಕ್ ಹಳಬ

ಅಲ್ಲ. ನೂರು ಅಪಘಾತ ಇದ್ದದ್ದು ಶೇ 40ರಷ್ಟು ಇಳಿದರೆ ಉಳಿಯುವುದು 60. ಶೇ 40ಕ್ಕೆ ಇಳಿದರೆ ಉಳಿಯುವುದು 40. ಕಂಪನಿಯೇ ಹೇಳದ ಸಾಧನೆಯನ್ನು ನೀವು ಅವರಿಗೆ ಕೊಟ್ಟಿದ್ದೀರಿ. ನಮ್ಮ ಭಾಷೆಯಲ್ಲಿ ಈ ಒಂದು ವಿಭಕ್ತಿಯಿಂದ ಹಾಕಬೇಕಾಗಿ ಬಂದಷ್ಟು ತಿದ್ದುಪಡಿ ಬೇರೆ ಯಾವುದರಿಂದಲೂ ಬಂದಿಲ್ಲ ಅನ್ನಿಸುತ್ತೆ ನನಗೆ. ಶೀರ್ಷಿಕೆಯಲ್ಲಿ ಜಾಗ ಉಳಿಸಲು ಹೋಗಿ ಜಾಸ್ತಿ ಆಗುವ ತಪ್ಪು ಇದು.

ಅಂಕಿ ಓದುವವ

ಯಾವ 40? ಎಷ್ಟರಿಂದ ಎಷ್ಟಕ್ಕೆ? ಮೂಲ ಸಂಖ್ಯೆ ಇಲ್ಲದ ಶೇಕಡಾವಾರು ನೋಡಿದ ತಕ್ಷಣ ಕೇಳಬೇಕಾದ್ದು ಇದು. ನೋಟ್ ಜೊತೆ ಟೇಬಲ್ ಏನಾದರೂ ಇದೆಯಾ?

ಹೊಸ ಇಂಟರ್ನ್

ಇಮೇಲ್‌ನಲ್ಲಿ ಎರಡನೇ ಫೈಲ್ ಇತ್ತು, ನಾನು ತೆರೆದೇ ಇರಲಿಲ್ಲ. ಅದರಲ್ಲಿ ಇದೆ. 12 ಕೂಡುರಸ್ತೆ ಸೇರಿ, ಕ್ಯಾಮೆರಾ ಹಾಕುವ ಮೊದಲಿನ ಆರು ತಿಂಗಳಲ್ಲಿ 30 ಅಪಘಾತ. ಹಾಕಿದ ಮೇಲಿನ ಆರು ತಿಂಗಳಲ್ಲಿ 18. ಲೆಕ್ಕ ಮಾಡಿದೆ, 12 ಕಡಿಮೆ, 30ರಲ್ಲಿ 12 ಅಂದರೆ ಶೇ 40 ಸರಿಯಾಗಿದೆ. ಹಾಗಾದರೆ ಈ ಮಾತು ಚೆಕ್ ಆಯ್ತಲ್ವಾ?

ಪಿಆರ್ ಕಡೆಯವಳು

ಆ ಎರಡನೇ ಫೈಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಆಚೆ ಕಡೆ ಕೂತು ಪ್ರೆಸ್ ನೋಟ್ ಬರೆಯುವವಳು. ಆರು ವರ್ಷದಿಂದ ನೋಟ್ ಜೊತೆ ಟೇಬಲ್ ಕಳಿಸುತ್ತೇನೆ, ಕೆಳಗೆ ನನ್ನ ಫೋನ್ ನಂಬರ್ ಇರುತ್ತೆ. ಟೇಬಲ್ ಬಗ್ಗೆ ಪ್ರಶ್ನೆ ಕೇಳಿ ಬಂದ ಫೋನ್ ಬೆರಳಲ್ಲಿ ಎಣಿಸಬಹುದು. ನಾವು ಸುಳ್ಳು ಬರೆಯುವುದಿಲ್ಲ. ಆದರೆ ಇರುವುದರಲ್ಲಿ ಚೆನ್ನಾಗಿ ಕಾಣುವ ಹೋಲಿಕೆಯನ್ನು ಆರಿಸಿಕೊಳ್ಳುತ್ತೇವೆ, ಅದು ನಮ್ಮ ಕೆಲಸ. ಬೇರೆ ಹೋಲಿಕೆ ಕೇಳುವುದು ನಿಮ್ಮ ಕೆಲಸ. ಫೋನ್ ಮಾಡಿ ಕೇಳಿ, ಬಹುತೇಕ ಕೊಡುತ್ತೇವೆ.

ಅಂಕಿ ಓದುವವ

ಮೇಡಂ ಹೇಳಿದ್ದೇ ನನ್ನ ಮುಂದಿನ ಮಾತು. ಇಂಟರ್ನ್ ಅವರೇ, ನೀವು ಚೆಕ್ ಮಾಡಿದ್ದು ಭಾಗಾಕಾರ. ಹೋಲಿಕೆ ಸರಿಯಾ ಅನ್ನೋದು ಇನ್ನೂ ಚೆಕ್ ಆಗಿಲ್ಲ. ಕ್ಯಾಮೆರಾ ಹಾಕುವ ಮೊದಲಿನ ಆರು ತಿಂಗಳು ಮಳೆಗಾಲ ಆಗಿದ್ದು, ಹಾಕಿದ ಮೇಲಿನದು ಒಣ ತಿಂಗಳುಗಳಾಗಿದ್ದರೆ? ಕಳೆದ ವರ್ಷ ಇದೇ ಆರು ತಿಂಗಳಲ್ಲಿ ಅದೇ 12 ಕಡೆ ಎಷ್ಟು ಆಗಿತ್ತು ಅಂತ ಕೇಳಿ.

ಎರಡನೇದು ಇನ್ನೂ ಮುಖ್ಯ. ಆ 12 ಜಾಗಗಳನ್ನು ಆರಿಸಿದ್ದು ಹೇಗೆ? ಅಪಘಾತ ಜಾಸ್ತಿ ಆದ ಕಡೆಯೇ ಕ್ಯಾಮೆರಾ ಹಾಕುತ್ತಾರೆ, ಸಹಜ. ಆದರೆ ತೀರಾ ಕೆಟ್ಟ ಆರು ತಿಂಗಳು ನೋಡಿ ಜಾಗ ಆರಿಸಿದರೆ, ಏನೂ ಮಾಡದಿದ್ದರೂ ಮುಂದಿನ ಆರು ತಿಂಗಳು ಸ್ವಲ್ಪ ಇಳಿಯುವ ಸಂಭವವೇ ಹೆಚ್ಚು. ಜ್ವರ ತುಂಬಾ ಏರಿದ ದಿನ ಮಾತ್ರೆ ತೆಗೆದುಕೊಂಡು, ಮರುದಿನ ಇಳಿದರೆ ಮಾತ್ರೆಗೇ ಹೆಸರು ಕೊಟ್ಟ ಹಾಗೆ. ರಸ್ತೆ ಸುರಕ್ಷತೆಯ ಲೆಕ್ಕ ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿರುವ ಮೋಸ. ಜೊತೆಗೆ 30ರ ಆಸುಪಾಸಿನ ಎಣಿಕೆ ಯಾವ ಕಾರಣವೂ ಇಲ್ಲದೆ ಐದಾರು ಆಚೀಚೆ ಆಗುತ್ತೆ.

ರಾತ್ರಿಪಾಳಿ

ಅಂದರೆ ಶೇ 40 ಅನ್ನೋದೇ ಸುಳ್ಳು. ಹಾಗಾದರೆ ಸುದ್ದಿ ಹಾಕಲೇಬೇಡಿ.

ಅಂಕಿ ಓದುವವ

ಸುಳ್ಳು ಅಂತ ನಾನು ಹೇಳಿಲ್ಲ. 30 ಇದ್ದದ್ದು 18 ಆಗಿದೆ, ಅದು ಎಣಿಕೆ. ಕ್ಯಾಮೆರಾದಿಂದ ಆಯ್ತು ಅನ್ನೋದು ಬೇರೆ ಮಾತು. ಕ್ಯಾಮೆರಾ ಕೆಲಸ ಮಾಡಿರಲೂಬಹುದು. ಈ ಟೇಬಲ್‌ನಿಂದ ಮಾತ್ರ ಅದು ಗೊತ್ತಾಗುವುದಿಲ್ಲ.

ಸಂಘದ ಕಾರ್ಯದರ್ಶಿ

ನಮ್ಮ ಸಂಘದ ರಕ್ತದಾನ ಶಿಬಿರದ ಪ್ರೆಸ್ ನೋಟ್ ಮೂರು ಸಲ ಕಳಿಸಿದರೂ ಹಾಕಿಲ್ಲ. ನೂರು ಪದಕ್ಕೆ ಇಳಿಸಿದರೆ ಹಾಕ್ತಾರಾ? ಹೇಗೆ ಬರೆಯಬೇಕು ಅಂತ ಇಲ್ಲಿ ಹೇಳ್ತಿದ್ದೀರಿ ಅಂದುಕೊಂಡೆ.

ಪಿಆರ್ ಕಡೆಯವಳು

ಸರ್, ಇಲ್ಲಿ ನಡೆಯುತ್ತಿರುವುದು ಬಂದ ನೋಟ್ ಅನ್ನು ಪರಿಶೀಲಿಸುವ ಬಗ್ಗೆ. ಆದರೂ ನಿಮಗೆ ಒಂದೇ ಮಾತು: ದಿನಾಂಕ, ವಾರ, ಸಮಯ, ಜಾಗ ಮೊದಲ ಸಾಲಿನಲ್ಲೇ ಇರಲಿ. ಫೋನ್ ಎತ್ತುವವರ ನಂಬರ್ ಕೊಡಿ. "ನಾಳೆ", "ಇದೇ ಭಾನುವಾರ" ಅಂತ ಬರೆಯಬೇಡಿ. ನೀವು ಕಳಿಸಿದ ದಿನ ಒಂದು, ಅವರು ಅಚ್ಚು ಹಾಕುವ ದಿನ ಇನ್ನೊಂದು.

ಜಿಲ್ಲಾ ವರದಿಗಾರ್ತಿ

ದಿನಾಂಕದ ಮಾತು ಬಂತಲ್ಲ, ನನ್ನದೂ ಒಂದು ಇದೆ. ನಾನು ಹೊಸಬಳಿದ್ದಾಗ ಒಂದು ಸಂಸ್ಥೆಯ ನೋಟ್‌ನಲ್ಲಿ ದಿನಾಂಕ, ವಾರ ಎರಡೂ ಇದ್ದವು. ಎರಡೂ ಹೊಂದುತ್ತಿರಲಿಲ್ಲ, ನಾನು ಕ್ಯಾಲೆಂಡರ್ ನೋಡಲಿಲ್ಲ. ಉಚಿತ ಕಣ್ಣಿನ ತಪಾಸಣೆ ಅಂತ ಓದಿ ವಯಸ್ಸಾದವರು ಒಂದು ದಿನ ಮುಂಚೆಯೇ ಹೋಗಿ ಬೀಗ ನೋಡಿ ವಾಪಸ್ ಬಂದರು. ಅದರಲ್ಲಿ ಒಬ್ಬರು ಕಚೇರಿಗೆ ಫೋನ್ ಮಾಡಿದ್ದರು. ಬೈಯಲಿಲ್ಲ. "ನಾನು ಓದಿದ್ದೇ ತಪ್ಪಾಯ್ತೇನೋ ಅಮ್ಮಾ" ಅಂದರು. ಆವತ್ತಿನಿಂದ ವಾರ ಮತ್ತು ದಿನಾಂಕ ಒಟ್ಟಿಗೆ ಕಂಡರೆ ಕ್ಯಾಲೆಂಡರ್ ತೆರೆಯದೆ ಮುಂದೆ ಹೋಗಿಲ್ಲ.

ಇಂಟರ್ನ್ ತಂಗಿ, ನೀನು ಈಗ ಫೋನ್ ಮಾಡಬೇಕಾದ್ದು ಸಂಚಾರ ಪೊಲೀಸರಿಗೆ. ಆದರೆ ಕೇಳುವ ರೀತಿ ಮುಖ್ಯ. "30ರಿಂದ 18 ಆಗಿದ್ದು ನಿಜಾನಾ ಸರ್?" ಅಂತ ಕೇಳಬೇಡ. ಅವರ ಮೇಜಿನ ಮೇಲೂ ಅದೇ ನೋಟ್ ಇರುತ್ತೆ. ಅದನ್ನೇ ನೋಡಿ "ಹೌದು" ಅಂತಾರೆ. ಆಗ ನಿನಗೆ ಎರಡು ಕಡೆಯಿಂದ ಸಿಕ್ಕ ಹಾಗೆ ಅನ್ನಿಸುತ್ತೆ, ನಿಜವಾಗಿ ಸಿಕ್ಕಿದ್ದು ಒಂದೇ ಕಾಗದ ಎರಡು ಸಲ. ನಿನ್ನ ಸಂಖ್ಯೆ ಹೇಳದೆ, ಅವರ ದಾಖಲೆಯಲ್ಲಿ ಎಷ್ಟಿದೆ ಅಂತ ಕೇಳು.

ಹೊಸ ಇಂಟರ್ನ್

ಅಕ್ಕಾ, ನೀವು ಹೇಳಿದ್ದು ಅಕ್ಷರಶಃ ಹಾಗೇ ಆಯ್ತು! ಮೊದಲ ಸಲ ಮಾತಾಡಿದ ಅಧಿಕಾರಿ "ಪ್ರೆಸ್ ನೋಟ್‌ನಲ್ಲಿ ಎಲ್ಲಾ ಇದೆಯಲ್ಲಮ್ಮ" ಅಂದರು. ನಾನು, "ಅದು ಕಂಪನಿಯದ್ದು ಸರ್, ನಿಮ್ಮ ರಿಜಿಸ್ಟರ್ ನೋಡಿ ಹೇಳ್ತೀರಾ? ಈ ವರ್ಷದ್ದು, ಕಳೆದ ವರ್ಷ ಇದೇ ತಿಂಗಳುಗಳದ್ದು ಎರಡೂ ಬೇಕು" ಅಂದೆ. ಒಂದು ಗಂಟೆ ಬಿಟ್ಟು ಮಾಡಿ ಅಂದರು. ಮಾಡಿದೆ.

ಸಿಕ್ಕಿದ್ದು ಇಷ್ಟು. 30 ಮತ್ತು 18 ಅವರ ದಾಖಲೆಯಲ್ಲೂ ಹಾಗೇ ಇದೆ. ಕಳೆದ ವರ್ಷ ಇದೇ ಆರು ತಿಂಗಳಲ್ಲಿ 21. ಮತ್ತೆ, ನಾನು ಕೇಳದೆಯೇ ಅವರು ಹೇಳಿದ್ದು: 12ರಲ್ಲಿ ಮೂರು ಕಡೆ ಕ್ಯಾಮೆರಾ ಕಂಬ ಆರು ತಿಂಗಳ ಹಿಂದೆಯೇ ನೆಟ್ಟಿದ್ದರೂ ಕೆಲಸ ಶುರು ಮಾಡಿದ್ದು ಕಳೆದ ತಿಂಗಳು. ಕ್ಯಾಮೆರಾದಿಂದ ಎಷ್ಟು ಇಳಿಯಿತು ಅಂತ ಬೇರೆಯಾಗಿ ಲೆಕ್ಕ ಹಾಕಿದ್ದೀರಾ ಅಂದಿದ್ದಕ್ಕೆ, "ಇಲ್ಲ" ಅಂದರು.

ಅಂಕಿ ಓದುವವ

ನೋಡಿ! 30ರ ಜೊತೆ ಹೋಲಿಸಿದರೆ ಶೇ 40ರಷ್ಟು ಇಳಿಕೆ, 21ರ ಜೊತೆ ಹೋಲಿಸಿದರೆ ಸುಮಾರು ಶೇ 14. ಮೂರು ಅಪಘಾತದ ವ್ಯತ್ಯಾಸ. ಎರಡೂ ಲೆಕ್ಕ ಸರಿ. ಸುದ್ದಿಯಲ್ಲಿ ಶೇಕಡಾವಾರು ಬದಲು ಮೂರು ಸಂಖ್ಯೆಗಳನ್ನೂ ಹಾಗೇ ಕೊಡಿ. ಇಷ್ಟು ಚಿಕ್ಕ ಎಣಿಕೆಗೆ ಶೇಕಡಾವಾರು ಬೇಕಾಗಿಯೇ ಇಲ್ಲ.

ಡೆಸ್ಕ್ ಹಳಬ

ಚೆನ್ನಾಗಿ ಕೇಳಿದ್ದೀರಿ. ಫೋನ್ ಮಾಡಿದ ಸಮಯ, ಮಾತಾಡಿದವರ ಹೆಸರು, ಹುದ್ದೆ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೀರಿ ತಾನೇ? ಈಗ ಕಂಪನಿಗೂ ಒಂದು ಫೋನ್ ಮಾಡಿ. ಮೂರು ಕ್ಯಾಮೆರಾ ಶುರುವಾಗಿರಲಿಲ್ಲ ಅನ್ನೋದಕ್ಕೆ ಅವರ ಉತ್ತರ ಕೇಳಬೇಕು. ಅದನ್ನು ಕೇಳದೆ ಹಾಕುವುದು ಸರಿಯಲ್ಲ.

ಇನ್ನು ಭಾಷೆ. ನಿಮ್ಮ ಮೊದಲ ಶೀರ್ಷಿಕೆಯಲ್ಲಿ "ಇಳಿಸಿದ" ಅಂತಿತ್ತು. ಅಪಘಾತ ಇಳಿಯಿತು ಅಂದರೆ ಎಣಿಕೆ. ಅಪಘಾತ ಇಳಿಸಿತು ಅಂದರೆ ತೀರ್ಪು. ಆ ಒಂದು "ಸಿ" ಒಳಗೆ ಕಾರಣ ಅಡಗಿ ಕೂತಿದೆ. "ಪರಿಣಾಮ", "ಫಲವಾಗಿ", "ದಿಂದಾಗಿ" ಇವೂ ಅಷ್ಟೆ. "ಕ್ಯಾಮೆರಾ ಬಂದ ಮೇಲೆ" ಅಂದರೂ ಓದುಗ ಕಾರಣ ಅಂತಲೇ ಓದಿಕೊಳ್ಳುತ್ತಾನೆ, ಸ್ವಲ್ಪ ಮೆಲ್ಲಗೆ ಅಷ್ಟೆ.

ನೋಟ್‌ನ ಒಂದು ಪದ ಎಷ್ಟು ದೂರ ಹೋಗುತ್ತೆ ಅನ್ನೋದಕ್ಕೆ ಲೆಕ್ಕವೇ ಇದೆ. ಕಾರ್ಡಿಫ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು 2011ರಲ್ಲಿ ಕಳಿಸಿದ 462 ಆರೋಗ್ಯ ಪ್ರಕಟಣೆಗಳನ್ನು ಮೂಲ ಸಂಶೋಧನೆ ಜೊತೆ, ಬಂದ ಸುದ್ದಿ ಜೊತೆ ಇಟ್ಟು ನೋಡಿದರು. 2014ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಾರಣದ ಮಾತನ್ನು ಪ್ರಕಟಣೆಯೇ ಹಿಗ್ಗಿಸಿದ್ದಾಗ ಸುದ್ದಿಗಳಲ್ಲಿ ಶೇ 81ರಷ್ಟು ಹಿಗ್ಗಿಸಿದ್ದವು. ಪ್ರಕಟಣೆ ಹಿಗ್ಗಿಸದಿದ್ದಾಗ ಶೇ 18 ಮಾತ್ರ. ಸುದ್ದಿಮನೆ ಸೇರಿಸಿದ್ದಕ್ಕಿಂತ ಬಂದದ್ದನ್ನು ಹಾಗೇ ದಾಟಿಸಿದ್ದೇ ಜಾಸ್ತಿ.

ಇದು ಹೊಸ ರೋಗವೂ ಅಲ್ಲ. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಕಂಪನಿ ಪರವಾಗಿ ಐವಿ ಲೀ ಬರೆದುಕೊಟ್ಟ ಹೇಳಿಕೆಯನ್ನು ನ್ಯೂಯಾರ್ಕ್ ಟೈಮ್ಸ್ ಇದ್ದ ಹಾಗೇ ಅಚ್ಚು ಹಾಕಿತು. ಮೊದಲ ಪ್ರೆಸ್ ನೋಟ್ ಅಂತ ಸಾಮಾನ್ಯವಾಗಿ ಹೇಳುವುದು ಅದನ್ನೇ. ಅಂದರೆ ಮೊದಲನೆಯದೇ ಹಾಗೇ ಅಚ್ಚಾಯಿತು!

ಹೊಸ ಇಂಟರ್ನ್

ಕಂಪನಿಯವರು ಫೋನ್ ಎತ್ತಿದರು. "ಮೂರು ಕಡೆ ವಿದ್ಯುತ್ ಸಂಪರ್ಕ ತಡವಾಯ್ತು, ಆದರೆ ಕಂಬ ನೋಡಿದರೇ ಜನ ವೇಗ ಕಡಿಮೆ ಮಾಡ್ತಾರೆ" ಅಂದರು. ಎರಡನೇ ಕಾಪಿ ಇದು:

> 12 ಕೂಡುರಸ್ತೆ: ಆರು ತಿಂಗಳಲ್ಲಿ 18 ಅಪಘಾತ
> ವೇಗ ಪತ್ತೆ ಕ್ಯಾಮೆರಾ ಹಾಕಿರುವ ನಗರದ 12 ಕೂಡುರಸ್ತೆಗಳಲ್ಲಿ ಕಳೆದ ಆರು ತಿಂಗಳಲ್ಲಿ 18 ಅಪಘಾತ ದಾಖಲಾಗಿವೆ. ಹಿಂದಿನ ಆರು ತಿಂಗಳಲ್ಲಿ 30, ಕಳೆದ ವರ್ಷ ಇದೇ ಅವಧಿಯಲ್ಲಿ 21 ಅಪಘಾತ ದಾಖಲಾಗಿದ್ದವು ಎಂದು ಸಂಚಾರ ಪೊಲೀಸರು ತಿಳಿಸಿದ್ದಾರೆ. ಕ್ಯಾಮೆರಾದಿಂದ ಅಪಘಾತ ಶೇ 40ರಷ್ಟು ಇಳಿದಿದೆ ಎಂದು ಕ್ಯಾಮೆರಾ ಪೂರೈಸಿದ ಕಂಪನಿ ಹೇಳಿಕೊಂಡಿದೆ. ಆದರೆ ಇಳಿಕೆಗೆ ಕ್ಯಾಮೆರಾ ಎಷ್ಟು ಕಾರಣ ಎಂದು ಪರಿಶೀಲಿಸಿಲ್ಲ ಎಂದು ಪೊಲೀಸರು ಹೇಳಿದ್ದಾರೆ. ಮೂರು ಕಡೆ ಕ್ಯಾಮೆರಾ ಕೆಲಸ ಆರಂಭಿಸಿದ್ದು ಕಳೆದ ತಿಂಗಳು. ವಿದ್ಯುತ್ ಸಂಪರ್ಕ ತಡವಾದದ್ದು ಕಾರಣ ಎಂದು ಕಂಪನಿ ತಿಳಿಸಿದೆ.

ಜಿಲ್ಲಾ ವರದಿಗಾರ್ತಿ

ತುಂಬಾ ಚೆನ್ನಾಗಿದೆ. ಒಂದೇ ತಕರಾರು. "ಹೇಳಿಕೊಂಡಿದೆ" ಬೇಡ. "ಕೊಂಡಿದೆ" ಸೇರಿದ ತಕ್ಷಣ "ಅವರು ಹಾಗಂತಾರೆ, ನಾವು ನಂಬಲ್ಲ" ಅನ್ನೋ ಧ್ವನಿ ಬರುತ್ತೆ. "ಸ್ಪಷ್ಟಪಡಿಸಿದೆ" ಅಂದರೆ ನಂಬಿದ ಹಾಗೆ. ಸುಮ್ನೆ "ಹೇಳಿದೆ" ಸಾಕು.

ಅಂಕಿ ಓದುವವ

ನನಗೆ "ಹೇಳಿಕೊಂಡಿದೆ" ಸರಿ ಅನ್ನಿಸುತ್ತೆ. ಕಾರಣದ ಮಾತಿಗೆ ಆಧಾರ ಇಲ್ಲ ಅಂತ ನಮಗೆ ಗೊತ್ತಾಗಿದೆ. ಗೊತ್ತಿದ್ದೂ "ಹೇಳಿದೆ" ಅಂದರೆ ಎರಡೂ ಕಡೆಯ ಮಾತಿಗೆ ಒಂದೇ ತೂಕ ಕೊಟ್ಟ ಹಾಗೆ ಆಗುವುದಿಲ್ಲವಾ?

ಜಿಲ್ಲಾ ವರದಿಗಾರ್ತಿ

ಆಧಾರ ಇಲ್ಲ ಅನ್ನೋದನ್ನು ಮುಂದಿನ ವಾಕ್ಯ ಹೇಳುತ್ತಿದೆಯಲ್ಲ ಸರ್. ಅದನ್ನು ಕ್ರಿಯಾಪದದಲ್ಲಿ ಚುಚ್ಚಿ ಹೇಳುವುದು ಯಾಕೆ? ಈ ವಿಷಯದಲ್ಲಿ ನಾನು ನಿಮ್ಮ ಜೊತೆ ಒಪ್ಪಲಾರೆ.

ರಾತ್ರಿಪಾಳಿ

ನಾನು ಹೇಳುವುದೂ ಕೇಳಿ. ನಮ್ಮಲ್ಲಿ ರಾತ್ರಿ ಒಬ್ಬರಿಗೆ 25-30 ನೋಟ್ ಬರುತ್ತೆ. ಎಲ್ಲಕ್ಕೂ ಮೂರು ಫೋನ್ ಮಾಡಲು ಆಗುತ್ತಾ? ಇವರಿಗೆ ಒಂದು ದಿನ ಸಿಕ್ಕಿತು.

ಡೆಸ್ಕ್ ಹಳಬ

ಆಗುವುದಿಲ್ಲ, ನಿಮ್ಮ ಕಷ್ಟ ನನಗೂ ಗೊತ್ತು. ಕಾರ್ಯಕ್ರಮದ ನೋಟ್‌ಗೆ ಕ್ಯಾಲೆಂಡರ್ ಮತ್ತು ಒಂದು ಫೋನ್ ಸಾಕು. ಆದರೆ ಜೀವ, ಹಣ, ಆರೋಗ್ಯದ ಬಗ್ಗೆ "ನಮ್ಮಿಂದ ಹೀಗಾಯ್ತು" ಅನ್ನುವ ನೋಟ್ ಬಂದು, ಫೋನ್ ಮಾಡಲು ಸಮಯ ಇಲ್ಲದಿದ್ದರೆ, ನಾನು ಮರುದಿನಕ್ಕೆ ಇಡುತ್ತೇನೆ. ಎಲ್ಲಾ ಕಚೇರಿಯಲ್ಲಿ ಅದಕ್ಕೆ ಒಪ್ಪುವುದಿಲ್ಲ ಅನ್ನೋದೂ ನಿಜ.

ಹೊಸ ಇಂಟರ್ನ್

ಇವತ್ತಿನ ಪತ್ರಿಕೆಯಲ್ಲಿ ಬಂತು. ಬೇಜಾರಾಯ್ತು. ಕೊನೇ ಗಳಿಗೆಯಲ್ಲಿ ಜಾಹೀರಾತು ಬಂದು ಪುಟದಲ್ಲಿ ಜಾಗ ಕಡಿಮೆ ಆಗಿ, ಕೆಳಗಿನ ಮೂರು ವಾಕ್ಯ ಕತ್ತರಿಸಿದ್ದಾರೆ. ಈಗ ಸುದ್ದಿ ಮುಗಿಯುವುದೇ "ಕ್ಯಾಮೆರಾದಿಂದ ಅಪಘಾತ ಶೇ 40ರಷ್ಟು ಇಳಿದಿದೆ ಎಂದು ಕಂಪನಿ ಹೇಳಿದೆ" ಅನ್ನುವಲ್ಲಿ. ನಾನು ಎರಡು ಸಲ ಫೋನ್ ಮಾಡಿ ಪಡೆದದ್ದು ಯಾವುದೂ ಇಲ್ಲ.

ಡೆಸ್ಕ್ ಹಳಬ

ಪೂರ್ತಿ ಹೋಗಿಲ್ಲ, 21 ಉಳಿದಿದೆ. ಅದು ಎರಡನೇ ವಾಕ್ಯದಲ್ಲಿ ಇತ್ತು, ಅದಕ್ಕೇ ಉಳಿಯಿತು. ಚಿಕ್ಕ ಸುದ್ದಿಯನ್ನು ಯಾವಾಗಲೂ ಕೆಳಗಿನಿಂದಲೇ ಕತ್ತರಿಸುತ್ತಾರೆ. ನಿಮ್ಮ "ಆದರೆ" ಬೇರೆ ವಾಕ್ಯವಾಗಿತ್ತು, ಹಾಗಾಗಿ ಸಲೀಸಾಗಿ ಕಳಚಿಕೊಂಡಿತು. ಒಂದು ಮಾತಿನ ಮಿತಿ ಅದೇ ವಾಕ್ಯದೊಳಗೆ ಹೆಣೆದಿರಬೇಕು, ಕತ್ತರಿಸಿದರೆ ಎರಡೂ ಹೋಗಬೇಕು. ವೆಬ್‌ಸೈಟ್ ಕಾಪಿ ಇನ್ನೂ ತಿದ್ದಬಹುದಾ?

ಹೊಸ ಇಂಟರ್ನ್

ಕೇಳಿದೆ, ಮಧ್ಯಾಹ್ನದೊಳಗೆ ಕೊಡಿ ಅಂದರು. ಆ ವಾಕ್ಯ ಹೀಗೆ ಮಾಡಿದ್ದೇನೆ: "ಈ ಇಳಿಕೆಗೆ ಕ್ಯಾಮೆರಾ ಎಷ್ಟು ಕಾರಣ ಎಂಬುದನ್ನು ಪೊಲೀಸರು ಪರಿಶೀಲಿಸಿಲ್ಲವಾದರೂ, ಕ್ಯಾಮೆರಾದಿಂದಲೇ ಶೇ 40ರಷ್ಟು ಇಳಿದಿದೆ ಎಂದು ಅದನ್ನು ಪೂರೈಸಿದ ಕಂಪನಿ ಹೇಳಿದೆ." ಮೂರು ಕ್ಯಾಮೆರಾದ ವಿಷಯವನ್ನು ಅದಕ್ಕೂ ಮೇಲೆ ತಂದೆ. ಅಕ್ಕಾ, "ಹೇಳಿದೆ" ಅಂತಲೇ ಉಳಿಸಿಕೊಂಡೆ.

ಅಂಕಿ ಓದುವವ

ವಾಕ್ಯ ಚೆನ್ನಾಗಿದೆ. "ಹೇಳಿದೆ" ಬಗ್ಗೆ ನನ್ನ ತಕರಾರು ಹಾಗೇ ಇದೆ. ಇನ್ನೊಂದು ಕೆಲಸ: ಆ 12 ಜಾಗ ಆರಿಸಿದ್ದು ಹೇಗೆ ಅಂತ ನೀವು ಇನ್ನೂ ಕೇಳಿಲ್ಲ.

ಹೊಸ ಇಂಟರ್ನ್

ಹೌದು ಸರ್, ಮರೆತೇಬಿಟ್ಟೆ. ಈಗಲೇ ಫೋನ್ ಮಾಡ್ತೀನಿ.